ಕಳ್ಳನ ಜೋಕು ಅರಬಿಗೆ ಹೋದಾಗ: ಕಾಮಿಕ್ಸ್ ಬಲೂನಿನ ಅನುವಾದ ಕುರಿತು

(ಅನುವಾದಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಒಂದು ಜೋಕಿನಿಂದಲೇ ಶುರು ಮಾಡುತ್ತೇನೆ. ಇವತ್ತು ನಾನು ಹೇಳುವುದೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಇಂಗ್ಲಿಷ್ ಕಾಮಿಕ್ಸ್‌ನ ಒಂದು ಚೌಕವನ್ನು ಊಹಿಸಿಕೊಳ್ಳಿ. ಎಡಗಡೆ ಕಳ್ಳರ ಗುಂಪಿನ ಯಜಮಾನ ಕುಳಿತಿದ್ದಾನೆ, ಬಲಗೈಯಲ್ಲಿ ಚಹಾದ ಲೋಟ. ಬಲಗಡೆ ಅವನ ಶಿಷ್ಯ ನಿಂತಿದ್ದಾನೆ. ಹೆಗಲ ಮೇಲೆ ಮೂಟೆ, ಎಡಗಣ್ಣಿಗೆ ಕಪ್ಪು ಪಟ್ಟಿ. ಹಿಂದಿನ ಕಿಟಕಿಯಲ್ಲಿ ಬ್ಯಾಂಕಿನ ಫಲಕ ಕಾಣುತ್ತದೆ. ಯಜಮಾನ ಕೇಳುತ್ತಾನೆ: "ಯಾರಾದರೂ ನೋಡಿದರೇನೋ?" ಶಿಷ್ಯ ಹೇಳುತ್ತಾನೆ: "ಒಬ್ಬರೂ ಇಲ್ಲ ಯಜಮಾನರೇ. ಎಲ್ಲರನ್ನೂ ಕೇಳಿಕೊಂಡೇ ಬಂದೆ."

ಇದು ದೊಡ್ಡ ಜೋಕೇನೂ ಅಲ್ಲ. ಆದರೆ ಕಾಮಿಕ್ಸ್ ಪುಟಗಳಲ್ಲಿ ಇಂಥ ಸಣ್ಣ ಜೋಕುಗಳೇ ಹೆಚ್ಚು. ಅರಬಿಗೆ ಹೋಗುವಾಗ ಕೆಡುವುದೂ ಇವೇ. ಗಲ್ಫ್‌ನಲ್ಲಿ ಅರಬಿ ಅಕ್ಷರಜೋಡಣೆಯ ಮೇಜಿನಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಹೆಚ್ಚಾಗಿ ರಿಪೇರಿ ಮಾಡಿದ್ದು ಇಂಥ ಎರಡು ಮಾತಿನ ಬಲೂನುಗಳ ಚೌಕಗಳನ್ನೇ.

ಮೊದಲನೆಯ ಅಪಾಯ ಅನುವಾದ ಆರಂಭವಾಗುವ ಮೊದಲೇ ಎದುರಾಗುತ್ತದೆ. ಅರಬಿ ಓದುಗನ ಕಣ್ಣು ಚೌಕದ ಬಲ ಮೇಲ್ತುದಿಯಿಂದ ಒಳಗೆ ಬರುತ್ತದೆ. ಚಿತ್ರವನ್ನು ಹಾಗೆಯೇ ಇಟ್ಟು ಬಲೂನಿನೊಳಗೆ ಅರಬಿ ತುಂಬಿದರೆ ಅವನು ಮೊದಲು ಓದುವುದು ಶಿಷ್ಯನ ಉತ್ತರವನ್ನು. "ಒಬ್ಬರೂ ಇಲ್ಲ, ಎಲ್ಲರನ್ನೂ ಕೇಳಿದೆ" ಎಂದು ಓದಿದ ಮೇಲೆ "ಯಾರಾದರೂ ನೋಡಿದರೇನೋ?" ಎಂಬ ಪ್ರಶ್ನೆ ಬರುತ್ತದೆ. ಪ್ರತಿಯೊಂದು ಪದವೂ ಸರಿಯಾಗಿಯೇ ಇರುತ್ತದೆ, ನಗು ಮಾತ್ರ ಬರುವುದಿಲ್ಲ. ಅನುವಾದಕ ತನ್ನ ಪಠ್ಯವನ್ನು ಬೇರೆ ಕಡತದಲ್ಲಿ ಸಾಲುಸಾಲಾಗಿ ಬರೆದು ಕಳುಹಿಸುವ ಪದ್ಧತಿ ಇರುವಲ್ಲಿ ಇದು ಕೊನೆಯವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಕಡತದಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ ಎಂದೇ ಇರುತ್ತದೆಯಲ್ಲ.

ಇದಕ್ಕೆ ಹಳೆಯ ಪರಿಹಾರವೆಂದರೆ ಇಡೀ ಪುಟವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸುವುದು. ಆಗ ಯಜಮಾನ ಬಲಕ್ಕೆ ಬರುತ್ತಾನೆ, ಶಿಷ್ಯ ಎಡಕ್ಕೆ ಹೋಗುತ್ತಾನೆ, ಮಾತಿನ ಕ್ರಮ ಸರಿಹೋಗುತ್ತದೆ. ಆದರೆ ತಿರುಗುವುದು ಮಾತಿನ ಕ್ರಮವೊಂದೇ ಅಲ್ಲ. ಬ್ಯಾಂಕಿನ ಫಲಕದ ಅಕ್ಷರಗಳು ಎಡಬಲ ತಿರುಗಿ ಕಾಣುತ್ತವೆ. ಅದನ್ನು ಅಳಿಸಿ ಅರಬಿಯಲ್ಲಿ ಹೊಸದಾಗಿ ಬರೆಯಬೇಕು. ಹೇಗಿದ್ದರೂ ಅದು ಮಾಡಲೇಬೇಕಾದ ಕೆಲಸ, ಇರಲಿ. ಯಜಮಾನನ ಚಹಾದ ಲೋಟ ಈಗ ಎಡಗೈಗೆ ಬಂದಿದೆ. ಅರಬ್ ಓದುಗನಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ತಿನ್ನುವುದು, ಕುಡಿಯುವುದು, ಕೈ ಕುಲುಕುವುದು ಬಲಗೈಯಲ್ಲೇ ಎಂಬ ಶಿಷ್ಟಾಚಾರ ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಮಕ್ಕಳ ಪತ್ರಿಕೆಯಾದರೆ ತಂದೆತಾಯಿಯರ ದೂರಿನ ಪತ್ರವೇ ಬರಬಹುದು. ಖಳನೊಬ್ಬ ಎಡಗೈಯಲ್ಲಿ ಕುಡಿದರೆ ಅದು ಅವನ ಸ್ವಭಾವದ ಸೂಚನೆಯೆಂದು ಓದುಗ ತಿಳಿಯುವ ಸಾಧ್ಯತೆಯೂ ಇದೆ. ಚಿತ್ರಕಾರ ಹಾಗೆ ಯೋಚಿಸಿರಲೇ ಇಲ್ಲ.

ಇನ್ನು ಕಣ್ಣಿನ ಪಟ್ಟಿ. ಪುಸ್ತಕದ ಎಲ್ಲ ಪುಟಗಳನ್ನೂ ತಿರುಗಿಸಿದರೆ ಪಟ್ಟಿ ಎಲ್ಲ ಕಡೆಯೂ ಬಲಗಣ್ಣಿನ ಮೇಲಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಖರ್ಚು ಉಳಿಸಲು ಚೌಕಗಳ ಜಾಗವನ್ನಷ್ಟೇ ಬಲದಿಂದ ಎಡಕ್ಕೆ ಅದಲುಬದಲು ಮಾಡಿ, ಇಬ್ಬರು ಮಾತನಾಡುವ ಚೌಕಗಳನ್ನು ಮಾತ್ರ ಕನ್ನಡಿ ಮಾಡುವ ರೂಢಿಯೂ ಇದೆ. ಆಗ ಪಟ್ಟಿ ಒಂದು ಚೌಕದಲ್ಲಿ ಎಡಗಣ್ಣಿನಲ್ಲಿ, ಮುಂದಿನದರಲ್ಲಿ ಬಲಗಣ್ಣಿನಲ್ಲಿ ಕಾಣುತ್ತದೆ. ಮಕ್ಕಳು ಇದನ್ನು ಮೊದಲು ಗುರುತಿಸುತ್ತಾರೆ. ಆದ್ದರಿಂದ ಯಾವ ಪುಟವನ್ನೇ ಕೈಗೆತ್ತಿಕೊಂಡರೂ ನಾನು ಮೊದಲು ನೋಡುವುದು ಪಾತ್ರಗಳ ಮೈಮೇಲಿನ ಒಂದೇ ಬದಿಯ ಗುರುತುಗಳನ್ನು: ಪಟ್ಟಿ, ಮಚ್ಚೆ, ಕೈಗಡಿಯಾರ, ಅಂಗಿಯ ಜೇಬು, ಬೈತಲೆ. ಅವು ಎಷ್ಟಿವೆ ಎಂಬುದರ ಮೇಲೆ ಯಾವ ದಾರಿ ಎಂಬುದು ನಿರ್ಧಾರವಾಗುತ್ತದೆ.

ನಮ್ಮ ಚೌಕದಂಥ ಕಡೆ ಮೂರನೆಯ ದಾರಿಯೊಂದಿದೆ. ಅಗ್ಗದ ದಾರಿಯೂ ಅದೇ. ಓದುಗನ ಕಣ್ಣಿಗೆ ಎಡಬಲಕ್ಕಿಂತ ಮೇಲೆಕೆಳಗೆ ಎಂಬುದು ಬಲವಾದ ಸೂಚನೆ. ಯಜಮಾನನ ಬಲೂನನ್ನು ಚೌಕದ ಮೇಲಂಚಿಗೆ ಒತ್ತಿ, ಶಿಷ್ಯನ ಬಲೂನನ್ನು ಅವನ ಎದೆಯ ಮಟ್ಟಕ್ಕೆ ಇಳಿಸಿದರೆ, ಮೇಲಿನದು ಎಡಗಡೆಯಿದ್ದರೂ ಅರಬಿ ಓದುಗ ಅದನ್ನೇ ಮೊದಲು ಓದುತ್ತಾನೆ. ಆಗ ಚಿತ್ರವನ್ನು ಮುಟ್ಟಬೇಕಾಗಿಲ್ಲ. ಷರತ್ತು ಇಷ್ಟೇ: ಮೇಲಿನ ಬಲೂನಿನ ತಳಕ್ಕೂ ಕೆಳಗಿನದರ ತಲೆಗೂ ನಡುವೆ ಸ್ಪಷ್ಟವಾದ ಅಂತರ ಇರಬೇಕು, ಬಲೂನಿನ ಬಾಲಗಳು ಒಂದನ್ನೊಂದು ದಾಟಬಾರದು. ಬಲೂನುಗಳು ಅರ್ಧಂಬರ್ಧ ಎತ್ತರದ ವ್ಯತ್ಯಾಸದಲ್ಲಿದ್ದರೆ ಓದುಗ ತನ್ನ ಅಭ್ಯಾಸದಂತೆ ಬಲಕ್ಕೇ ಹೋಗುತ್ತಾನೆ.

ಜಪಾನಿನ ಮಾಂಗಾ ಮೂಲದಲ್ಲೇ ಬಲದಿಂದ ಎಡಕ್ಕೆ ಓಡುತ್ತದೆ, ಆದ್ದರಿಂದ ಅರಬಿಗೆ ಅದು ಹುಟ್ಟು ನೆಂಟ. 2021ರಲ್ಲಿ ಸೌದಿಯಲ್ಲಿ ಶುರುವಾದ ಮಾಂಗಾ ಅರೇಬಿಯಾದಂಥ ಪತ್ರಿಕೆಗೆ ಈ ಕನ್ನಡಿಯ ತಲೆನೋವು ಇಲ್ಲ. ಅದರ ತಲೆನೋವು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಬೈರೂತಿನಲ್ಲಿ 2007ರಲ್ಲಿ ಆರಂಭವಾದ ಸಮಂದಲ್ ಎಂಬ ಕಾಮಿಕ್ಸ್ ಪತ್ರಿಕೆ ಅರಬಿ, ಫ್ರೆಂಚ್, ಇಂಗ್ಲಿಷ್ ಕಥೆಗಳನ್ನು ಒಟ್ಟಿಗೇ ಅಚ್ಚು ಮಾಡುತ್ತಿತ್ತು. ಓದುವ ದಿಕ್ಕು ಬದಲಾಗುವ ಕಡೆ ಒಂದು ಪುಟ ಬಂದು ಪುಸ್ತಕವನ್ನೇ ತಿರುಗಿಸಿ ಹಿಡಿಯಲು ಓದುಗನಿಗೆ ಹೇಳುತ್ತಿತ್ತು. ಜಗಳವನ್ನು ಬಗೆಹರಿಸುವ ಬದಲು ಅದನ್ನೇ ಆಟವಾಗಿಸಿದ ಜಾಣತನ ಅದು. ಅನುವಾದಕನಿಗೆ ಆ ಸ್ವಾತಂತ್ರ್ಯ ಸಿಗುವುದು ಅಪರೂಪ.

ಈಗ ಮಾತಿಗೆ ಬರೋಣ. ಶಿಷ್ಯನ ಉತ್ತರವನ್ನು ವ್ಯಾಕರಣ ಬಲ್ಲ ಹೊಸಬರೊಬ್ಬರಿಗೆ ಕೊಟ್ಟರೆ ಅವರು ಹೀಗೆ ಬರೆಯುತ್ತಾರೆ: "ಲಮ್ ಯರನೀ ಅಹದುನ್ ಯಾ ಸಯ್ಯಿದೀ, ಫಖದ್ ಸಅಲ್ತುಹುಮ್ ಜಮೀಅನ್." ಇದರಲ್ಲಿ ಒಂದು ತಪ್ಪೂ ಇಲ್ಲ. ಆದರೆ ಇದು ಕಳ್ಳನ ಮಾತಲ್ಲ, ವಾರ್ತಾವಾಚಕನ ಮಾತು. ಕನ್ನಡದಲ್ಲಿ ಜೇಬುಗಳ್ಳನೊಬ್ಬ "ನನ್ನನ್ನು ಯಾರೊಬ್ಬರೂ ಅವಲೋಕಿಸಲಿಲ್ಲ ಸ್ವಾಮಿ, ಏಕೆಂದರೆ ಸಮಸ್ತರನ್ನೂ ವಿಚಾರಿಸಿದ್ದೇನೆ" ಎಂದಂತೆ.

ಅರಬಿ ಬಲ್ಲವರಿಗೆ ಇದು ಗೊತ್ತಿರುವ ಸಂಗತಿ. ಪುಸ್ತಕ, ಪತ್ರಿಕೆ, ಭಾಷಣಕ್ಕೆ ಒಂದು ಅರಬಿ, ಅದು ಫುಸ್‌ಹಾ. ಮನೆ, ಬೀದಿ, ಜಗಳಕ್ಕೆ ಇನ್ನೊಂದು, ಅದು ಆಮ್ಮಿಯ್ಯಾ. ಎರಡನೆಯದು ಊರಿಂದೂರಿಗೆ ಬೇರೆ. ಕೈರೋದವನ ಆಮ್ಮಿಯ್ಯಾವನ್ನು ಸಿನಿಮಾಗಳ ದೆಸೆಯಿಂದ ಹೆಚ್ಚಿನ ಅರಬರು ಬಲ್ಲರು. ಮೊರಾಕ್ಕೊದವನದನ್ನು ರಿಯಾದಿನವನು ಹಿಡಿಯುವುದು ಕಷ್ಟ. ಕಾಮಿಕ್ಸ್ ಎಂದರೆ ಬರೆದ ಮಾತು, ಆದರೆ ಆಡಿದ ಮಾತಿನ ವೇಷದಲ್ಲಿ ಬರೆದದ್ದು. ಹಾಗಾಗಿ ಅದು ಸರಿಯಾಗಿ ಎರಡರ ಗಡಿಯ ಮೇಲೆಯೇ ಬೀಳುತ್ತದೆ.

ಚರಿತ್ರೆಯಲ್ಲಿ ಎರಡೂ ದಾರಿಗಳನ್ನು ಹಿಡಿದವರಿದ್ದಾರೆ. ಕೈರೋದ ದಾರುಲ್ ಹಿಲಾಲ್ ಪ್ರಕಾಶನ 1959ರಲ್ಲಿ ಮಿಕಿ ಪತ್ರಿಕೆಯನ್ನು ಶುರು ಮಾಡಿತು. ಅದರ ಡಿಸ್ನಿ ಪಾತ್ರಗಳು ಈಜಿಪ್ಟಿನ ಬೀದಿಯ ಮಾತನ್ನೇ ಆಡಿದವು. ಅಲ್ಲಿ ಡೊನಾಲ್ಡ್ ಡಕ್ ಬತ್ತೂತ್ ಆದ, ಬಾತುಕೋಳಿಗೆ ಬತ್ತಾ ಎನ್ನುವುದರಿಂದ. ಜಿಪುಣ ಸ್ಕ್ರೂಜ್ ಅಮ್ಮ್ ದಹಬ್ ಆದ, ಅಂದರೆ ಚಿನ್ನದ ಚಿಕ್ಕಪ್ಪ. ಗೂಫಿಗೆ ಬುಂದುಖ್ ಎಂದು ಹೆಸರಾಯಿತು. ಸದಾ ಅದೃಷ್ಟ ಕುದುರುವ ಗ್ಲಾಡ್‌ಸ್ಟೋನ್ ಮಹ್‌ಜೂಜ್, ಅದೃಷ್ಟವಂತ. ಸಂಶೋಧಕ ಗೈರೋ ಅಬ್ಖರೀನೋ: ಅಬ್ಖರೀ ಎಂದರೆ ಪ್ರತಿಭಾಶಾಲಿ, ಅದಕ್ಕೆ ಇಟಾಲಿಯನ್ ಧಾಟಿಯ ಬಾಲ. ಈ ಹೆಸರುಗಳನ್ನು ಇಟ್ಟವರ ಬಗ್ಗೆ ನನಗೆ ಅಪಾರ ಗೌರವ. ಹೆಸರು ಪ್ರತಿ ಪುಟದ ಹತ್ತಾರು ಬಲೂನುಗಳಲ್ಲಿ ಬರುವ ಪದ. ಅದು ಚಿಕ್ಕದಾಗಿ, ಕರೆಯಲು ಸುಲಭವಾಗಿ, ಪಾತ್ರದ ಸ್ವಭಾವವನ್ನೂ ತಾನೇ ಹೇಳುವಂತಿದ್ದರೆ ಉಳಿದ ಮಾತಿಗೆ ಅಷ್ಟು ಜಾಗ ಉಳಿಯಿತು ಎಂದರ್ಥ. ಅಮ್ಮ್ ಎಂಬ ಕರೆಯಲ್ಲಿ ಹಿರಿಯನಿಗೆ ಕೊಡಬೇಕಾದ ಮರ್ಯಾದೆಯೂ ಸೇರಿಹೋಯಿತು.

ಬೈರೂತಿನಲ್ಲಿ 1964ರಿಂದ ಬಂದ ಸೂಪರ್‌ಮ್ಯಾನ್ ಇನ್ನೊಂದು ದಾರಿ ಹಿಡಿದ. ಕ್ಲಾರ್ಕ್ ಕೆಂಟ್ ಅಲ್ಲಿ ನಬೀಲ್ ಫೌಝಿ ಎಂಬ ಅರಬಿ ಪತ್ರಕರ್ತನಾದರೂ ಬಲೂನಿನ ಭಾಷೆ ಫುಸ್‌ಹಾ ಆಗಿಯೇ ಉಳಿಯಿತು. ಆಕಾಶದಿಂದ ಬಂದ ವೀರನ ಬಾಯಲ್ಲಿ ಅದು ಒಪ್ಪುತ್ತದೆ. ನನ್ನ ಕಳ್ಳ ಶಿಷ್ಯನ ಬಾಯಲ್ಲಿ ಒಪ್ಪುವುದಿಲ್ಲ.

ಫುಸ್‌ಹಾದಲ್ಲಿ ಇನ್ನೊಂದು ಅಂಟಿಕೊಳ್ಳುವ ರೋಗವಿದೆ. ಈಜಿಪ್ಟಿನಲ್ಲಿ ವಿದೇಶಿ ಚಲನಚಿತ್ರಗಳಿಗೆ ಅರಬಿ ಅಡಿಬರಹ ಹಾಕುವ ಕೆಲಸವನ್ನು 1940ರ ದಶಕದಲ್ಲೇ ಕಟ್ಟಿ ಬೆಳೆಸಿದ ಅನೀಸ್ ಉಬೈದ್ ಅವರ ಹೆಸರು ಅಲ್ಲಿ ಒಂದು ಶೈಲಿಯ ಹೆಸರೇ ಆಗಿಬಿಟ್ಟಿದೆ. ಪರದೆಯ ಮೇಲೆ ಗೂಂಡಾನೊಬ್ಬ ಹೊಲಸು ಬೈಗುಳ ಬೈದರೆ ಕೆಳಗೆ "ತಬ್ಬನ್ ಲಕ್" ಎಂದು ಬರುತ್ತದೆ, ನಿನಗೆ ಕೇಡಾಗಲಿ ಎಂಬ ಪುರಾಣಕಾಲದ ಶಾಪ. ಡಬ್ ಆದ ಕಾರ್ಟೂನುಗಳಲ್ಲಿ ಬೆಚ್ಚಿಬಿದ್ದವರೆಲ್ಲ "ಯಾ ಇಲಾಹೀ" ಎನ್ನುತ್ತಾರೆ. ಬೀದಿಯಲ್ಲಿ ಬೆಚ್ಚಿದ ಯಾವ ಅರಬನೂ ಹಾಗೆ ಕೂಗುವುದನ್ನು ನಾನು ಕೇಳಿಲ್ಲ. ಇವತ್ತಿನ ಓದುಗ ಈ ಪದಗಳನ್ನು ಕಂಡರೆ ನಗುತ್ತಾನೆ ನಿಜ, ಆದರೆ ಜೋಕಿಗಲ್ಲ, ಅನುವಾದಕ್ಕೆ.

ಹಾಗಾದರೆ ಆಮ್ಮಿಯ್ಯಾವನ್ನೇ ಹಿಡಿಯೋಣವೇ? ಈಜಿಪ್ಟಿನ ಮಾತಿನಲ್ಲಿ ಶಿಷ್ಯನ ಉತ್ತರ "ಮಹದ್ದಿಶ್ ಶಾಫ್ನೀ ಯಾ ಮುಅಲ್ಲಿಮ್, ಸಅಲ್ತುಹುಮ್ ಕುಲ್ಲುಹುಮ್" ಎಂದಾಗುತ್ತದೆ. ಜೀವಂತವಾಗಿದೆ, ಕಳ್ಳನೂ ಕಳ್ಳನಂತಿದ್ದಾನೆ. ಪುಸ್ತಕ ಈಜಿಪ್ಟಿಗೆ ಮಾತ್ರವಾದರೆ ನಾನು ಎರಡನೇ ಯೋಚನೆಯಿಲ್ಲದೆ ಇದನ್ನೇ ಇಡುತ್ತೇನೆ. ಆದರೆ ಗಲ್ಫ್‌ನ ಪ್ರಕಾಶಕ ಸಾಮಾನ್ಯವಾಗಿ ಮಸ್ಕತ್‌ನಿಂದ ರಬಾತ್‌ವರೆಗೆ ಒಂದೇ ಮುದ್ರಣ ಮಾರಬೇಕೆನ್ನುತ್ತಾನೆ. ಮಕ್ಕಳ ಪುಸ್ತಕವಾದರೆ ಶಾಲೆಗಳಿಗೆ ಫುಸ್‌ಹಾ ಬೇಕು ಎನ್ನುತ್ತಾನೆ.

ಇಲ್ಲಿ ನನಗೆ ಕೈಹಿಡಿಯುವುದು ಅರಬಿ ಲಿಪಿಯ ಒಂದು ಗುಣ. ಕಲಿಯುವವರು ಅದನ್ನು ಸಾಮಾನ್ಯವಾಗಿ ಬೈಯುತ್ತಾರೆ. ಅರಬಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಕ-ತ-ಬ ಎಂಬ ಮೂರು ಅಕ್ಷರ ಬರೆದರೆ ಕತಬ (ಅವನು ಬರೆದ) ಎಂದೂ ಓದಬಹುದು, ಕುತುಬ್ (ಪುಸ್ತಕಗಳು) ಎಂದೂ ಓದಬಹುದು, ಕುತಿಬ (ಬರೆಯಲಾಯಿತು) ಎಂದೂ ಓದಬಹುದು. ಸಂದರ್ಭ ನೋಡಿ ಓದುಗ ತಾನೇ ಸ್ವರ ತುಂಬಿಕೊಳ್ಳಬೇಕು. ವಿಭಕ್ತಿಯನ್ನು ತೋರಿಸುವ ಕೊನೆಯ ಸ್ವರಗಳೂ ಹೀಗೆಯೇ ಕಾಣೆಯಾಗಿರುತ್ತವೆ. ಅಂದರೆ ಫುಸ್‌ಹಾ ಮತ್ತು ಆಮ್ಮಿಯ್ಯಾ ಎಲ್ಲಿ ಸ್ವರದಲ್ಲಿ ಮಾತ್ರ ಬೇರೆಯಾಗುತ್ತವೋ ಅಲ್ಲಿ ಬರಹದಲ್ಲಿ ಅವು ಒಂದೇ.

ಮೇಲಿನ ಈಜಿಪ್ಟಿನ ಉತ್ತರದ ಕೊನೆಯ ಎರಡು ಪದಗಳನ್ನು ನೋಡಿ. ಫುಸ್‌ಹಾ ಓದುವವನು "ಸಅಲ್ತುಹುಮ್ ಕುಲ್ಲಹುಮ್" ಎನ್ನುತ್ತಾನೆ. ಕೈರೋದವನು "ಕುಲ್ಲುಹುಮ್" ಎನ್ನುತ್ತಾನೆ. ಕಾಗದದ ಮೇಲೆ ಇಬ್ಬರಿಗೂ ಅದೇ ಅಕ್ಷರಗಳು. ವ್ಯಾಕರಣದ ಮೇಷ್ಟ್ರು ತಪ್ಪು ಹಿಡಿಯಲಾರರು, ಬೀದಿಯ ಹುಡುಗ ನಗದಿರಲಾರ. ಹೊಸಬರು ಬರೆದ "ಜಮೀಅನ್" ಎಂಬುದಕ್ಕೂ ಅರ್ಥ ಅದೇ. ಆದರೆ ಅದರ ಕೊನೆಯಲ್ಲಿ ವಿಭಕ್ತಿಗಾಗಿ ಅಲಿಫ್ ಎಂಬ ಅಕ್ಷರವೊಂದು ಕಡ್ಡಾಯವಾಗಿ ಕಾಣಿಸಿಕೊಳ್ಳುತ್ತದೆ. ಆ ಒಂದು ಗೆರೆ ಕಂಡೊಡನೆ ಓದುಗನ ತಲೆಯೊಳಗೆ ವಾರ್ತಾವಾಚಕ ಎದ್ದು ಕೂರುತ್ತಾನೆ.

ಇದು ನಾನು ಕಂಡುಹಿಡಿದದ್ದಲ್ಲ. ಈಜಿಪ್ಟಿನ ನಾಟಕಕಾರ ತೌಫೀಕ್ ಅಲ್ ಹಕೀಮ್ 1956ರಲ್ಲಿ ಅಸ್ಸಫ್‌ಖಾ ಎಂಬ ನಾಟಕವನ್ನು ಇದೇ ಉಪಾಯದಿಂದ ಬರೆದರು. ಫುಸ್‌ಹಾದ ನಿಯಮಕ್ಕೂ ತಪ್ಪದ, ಹಳ್ಳಿಯವರ ಬಾಯಲ್ಲೂ ವಿಚಿತ್ರವೆನಿಸದ ಆ ಭಾಷೆಯನ್ನು ಮೂರನೆಯ ಭಾಷೆ ಎಂದು ಕರೆಯುವ ರೂಢಿ ಬಂತು. ಮೂರು ಅಂಕದ ನಾಟಕಕ್ಕೆ ಈ ಉಪಾಯ ಎಷ್ಟು ದೂರ ನಡೆಯುತ್ತದೆ ಎಂಬ ಬಗ್ಗೆ ವಾದಗಳಿವೆ. ರಂಗದ ಮೇಲೆ ನಟ ಬಾಯಿ ತೆರೆದೊಡನೆ ಒಂದು ಸ್ವರವನ್ನು ಆರಿಸಲೇಬೇಕಲ್ಲ. ಬಲೂನಿಗೆ ಆ ತೊಂದರೆ ಇಲ್ಲ. ಅದನ್ನು ಓದುಗ ತನ್ನ ಊರಿನ ದನಿಯಲ್ಲಿ ಮನಸ್ಸಿನೊಳಗೇ ಓದಿಕೊಳ್ಳುತ್ತಾನೆ. ಈ ಉಪಾಯಕ್ಕೆ ನಾಟಕಕ್ಕಿಂತ ಕಾಮಿಕ್ಸ್ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಬಳಕೆಯಲ್ಲಿ ಇದು ಪದಗಳನ್ನು ಆರಿಸುವುದಕ್ಕಿಂತ ಹೆಚ್ಚಾಗಿ ತಪ್ಪಿಸುವ ಕೆಲಸ. ಫುಸ್‌ಹಾದ ಕಡೆಯಿಂದ "ಸೌಫ", "ಲನ್", "ಫಖದ್", "ಅಯ್ಯುಹಾ" ಇವುಗಳನ್ನು ಬಿಡುತ್ತೇನೆ. ಆಮ್ಮಿಯ್ಯಾದ ಕಡೆಯಿಂದ ಊರನ್ನು ಬಿಟ್ಟುಕೊಡುವ "ಮಿಶ್" ಬಿಡುತ್ತೇನೆ. "ಏನು" ಎಂಬ ಪ್ರಶ್ನೆ ದೊಡ್ಡ ಮುಳ್ಳು. ಫುಸ್‌ಹಾಕ್ಕೆ ಮಾದಾ, ಕೈರೋಗೆ ಏಹ್, ಬೈರೂತಿಗೆ ಶೂ. ಹಾಗಾಗಿ "ಏನಾಯಿತು?" ಎನ್ನುವ ಕಡೆ ವಾಕ್ಯವನ್ನೇ ತಿರುಚಿ "ಖೈರ್?" ಎಂದು ಕೇಳಿಸುತ್ತೇನೆ. ಕ್ಷೇಮವೇ, ಒಳ್ಳೆಯ ಸುದ್ದಿಯೇ ಎಂಬಂಥ ಆ ಒಂದು ಪದವನ್ನು ಎಲ್ಲ ಕಡೆಯೂ ಜನ ಕೇಳುತ್ತಾರೆ, ಜಾಗವೂ ಮೂರೇ ಅಕ್ಷರ. ಖಲಾಸ್, ತಯ್ಯಿಬ್, ಯಅನೀ, ಯಾ ಸಲಾಮ್, ಉಸ್ಕುತ್ ಇವೆಲ್ಲ ಎರಡೂ ಕಡೆಯ ಸ್ವತ್ತು. ಬೈಗುಳದಲ್ಲಿ ಅರ್ಧಕ್ಕೇ ನಿಲ್ಲಿಸುವ ಸೊಗಸೊಂದಿದೆ: "ಯಾ ಇಬ್ನಲ್..." ಎಂದು ಬರೆದು ಮೂರು ಚುಕ್ಕೆ. ಇಂಥವನ ಮಗನೇ ಎಂಬಲ್ಲಿ "ಇಂಥವನ" ಯಾರೆಂಬುದನ್ನು ಓದುಗ ತನ್ನ ಪ್ರಾಂತದ ಪ್ರತಿಭೆಗೆ ತಕ್ಕಂತೆ ತುಂಬಿಕೊಳ್ಳುತ್ತಾನೆ. ಸಂಪಾದಕನಿಗೂ ನೆಮ್ಮದಿ.

ಹೀಗೆ ತಪ್ಪಿಸುತ್ತ ಬಂದರೆ ನಮ್ಮ ಚೌಕ ಎಲ್ಲಿಗೆ ಮುಟ್ಟುತ್ತದೆ ನೋಡಿ. ಯಜಮಾನನ ಪ್ರಶ್ನೆಗೆ ಫುಸ್‌ಹಾದ ರೂಪ "ಹಲ್ ರಆಕ ಅಹದ್?" ಅದರಲ್ಲಿ ಪ್ರಶ್ನಾರ್ಥಕ "ಹಲ್" ಕಿತ್ತರೆ "ರಆಕ ಅಹದ್?" ಎರಡೇ ಪದ ಉಳಿಯುತ್ತವೆ. ಪ್ರಶ್ನೆಯ ಕೆಲಸವನ್ನು ಚಿಹ್ನೆ ಮಾಡುತ್ತದೆ. "ರಆಕ" ಸ್ವಲ್ಪ ಪುಸ್ತಕದ ಪದವೇ. ಆದರೆ ಯಜಮಾನ ಗತ್ತಿನವನು, ಶಿಷ್ಯನಿಗಿಂತ ಒಂದು ಮೆಟ್ಟಿಲು ಮೇಲಿನ ಮಾತಾಡಿದರೆ ಅವನಿಗದು ಒಪ್ಪುತ್ತದೆ. ಶಿಷ್ಯನ ಉತ್ತರ: "ವಲಾ ಅಹದ್ ಯಾ ಮುಅಲ್ಲಿಮ್! ಸಅಲ್ತುಹುಮ್ ಕುಲ್ಲಹುಮ್." ಮುಅಲ್ಲಿಮ್ ಎಂದರೆ ನಿಘಂಟಿನಲ್ಲಿ ಶಿಕ್ಷಕ. ಈಜಿಪ್ಟ್, ಸಿರಿಯಾ ಕಡೆ ಕಸುಬಿನ ಗುರು, ಮೇಸ್ತ್ರಿ, ಗುಂಪಿನ ದೊಡ್ಡವನು.

ಜೋಕಿನ ಗುಟ್ಟಿರುವುದು ಕೊನೆಯ ಎರಡು ಪದಗಳಲ್ಲಿ. "ಕೇಳಿದೆ" ಎಂಬ ಕ್ರಿಯಾಪದ ಬಂದಾಗ ಓದುಗ ಒಂದು ಕ್ಷಣ ತಡವರಿಸಬೇಕು, "ಎಲ್ಲರನ್ನೂ" ಬಂದಾಗ ನಗಬೇಕು. ಅರಬಿಯಲ್ಲಿ "ಅವರನ್ನು" ಎಂಬುದು ಕ್ರಿಯಾಪದಕ್ಕೇ ಅಂಟಿಕೊಂಡು, "ಎಲ್ಲರನ್ನೂ" ಎಂಬುದು ಅದರ ಹಿಂದೆ ಒತ್ತು ಕೊಡುವ ಪದವಾಗಿ ತಾನೇ ಕೊನೆಗೆ ಬರುತ್ತದೆ. ಅರಬಿ ವ್ಯಾಕರಣ ಇದನ್ನು ತೌಕೀದ್ ಎಂದೇ ಕರೆಯುತ್ತದೆ. ಇಂಗ್ಲಿಷ್ ಕಾಮಿಕ್ಸ್ ದಪ್ಪ ಅಕ್ಷರದಲ್ಲಿ ಮಾಡುವ ಕೆಲಸವನ್ನು ಇಲ್ಲಿ ವಾಕ್ಯರಚನೆಯೇ ಮಾಡಿಕೊಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ನಾವು "ಕೇಳಿಕೊಂಡೇ ಬಂದೆ" ಎಂದು ಬೇರೆ ಕಡೆಯಿಂದ ಒತ್ತು ತರಬೇಕಾಯಿತು.

ಇನ್ನು ಜಾಗದ ಲೆಕ್ಕ. ಅರಬಿ ಇಂಗ್ಲಿಷಿಗಿಂತ ಹೆಚ್ಚು ಜಾಗ ತಿನ್ನುತ್ತದೆಯೋ ಕಡಿಮೆಯೋ ಎಂದು ಎಲ್ಲರೂ ಕೇಳುತ್ತಾರೆ. ಅಡ್ಡಕ್ಕೆ ಕಡಿಮೆ, ಎತ್ತರಕ್ಕೆ ಹೆಚ್ಚು. ಹ್ರಸ್ವ ಸ್ವರ ಬರೆಯದ ಕಾರಣ ಸಾಲು ಚಿಕ್ಕದಾಗುತ್ತದೆ. ಆದರೆ ಇಂಗ್ಲಿಷ್ ಕಾಮಿಕ್ಸ್‌ನ ಬಲೂನಿನಲ್ಲಿ ಸಾಮಾನ್ಯವಾಗಿ ದೊಡ್ಡಕ್ಷರಗಳೇ ಇರುತ್ತವೆ. ಮೇಲೆ ಕೆಳಗೆ ಚಾಚುವ ಅಂಗಗಳಿಲ್ಲ, ಸಾಲಿಗೆ ಸಾಲು ಒತ್ತಿ ಜೋಡಿಸಬಹುದು. ಅರಬಿಯಲ್ಲಿ ಅಲಿಫ್, ಲಾಮ್ ಮೇಲಕ್ಕೆ ಏಳುತ್ತವೆ, ಮೀಮ್, ಐನ್ ಕೆಳಕ್ಕೆ ಇಳಿಯುತ್ತವೆ, ಚುಕ್ಕೆಗಳು ಎರಡೂ ಕಡೆ ಕೂರುತ್ತವೆ. ಒತ್ತಕ್ಷರಗಳಿಗಾಗಿ ಸಾಲಿನ ಕೆಳಗೆ ಜಾಗ ಬಿಡುವ ಕನ್ನಡದ ಅಕ್ಷರಜೋಡಣೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಶಿಷ್ಯನ ಬಲೂನಿನ ಒಳ ಎತ್ತರ 11 ಮಿಲಿಮೀಟರ್ ಎನ್ನಿ. ಇಂಗ್ಲಿಷಿನಲ್ಲಿ 8 ಪಾಯಿಂಟಿನ ಅಕ್ಷರ, ಸಾಲಿಗೆ 9 ಪಾಯಿಂಟ್ ಎಂದರೆ ಮೂರು ಸಾಲಿಗೆ 27 ಪಾಯಿಂಟ್, ಸುಮಾರು 9.5 ಮಿಲಿಮೀಟರ್. ಆರಾಮಾಗಿ ಕೂರುತ್ತದೆ. ಅರಬಿ ಪುಸ್ತಕಗಳಲ್ಲಿ ಬಳಸುವ ನಸ್ಖ್ ಶೈಲಿಯ ಅಕ್ಷರ ಅಷ್ಟೇ ಸುಲಭವಾಗಿ ಓದಿಸಿಕೊಳ್ಳಬೇಕಾದರೆ ನನ್ನ ಅನುಭವದಲ್ಲಿ 11 ಪಾಯಿಂಟ್ ಬೇಕು, ಸಾಲಿಗೆ 15. ಮೂರು ಸಾಲಿಗೆ 45 ಪಾಯಿಂಟ್, ಸುಮಾರು 16 ಮಿಲಿಮೀಟರ್. ಹಿಡಿಸುವುದಿಲ್ಲ. ಎರಡು ಸಾಲಾದರೆ 30 ಪಾಯಿಂಟ್, 10.6 ಮಿಲಿಮೀಟರ್. ಅಂದರೆ ಇಂಗ್ಲಿಷಿನ ಮೂರು ಸಾಲಿಗೆ ನನಗೆ ಸಿಗುವುದು ಎರಡೇ ಸಾಲು. ಈ ಲೆಕ್ಕ ಅನುವಾದಕನ ಕೈಗೆ ಮೊದಲೇ ಸಿಗಬೇಕು. ಅನುವಾದ ಮುಗಿದ ಮೇಲೆ ಸಿಕ್ಕಿದರೆ ಅಕ್ಷರಜೋಡಣೆಯವನು ಅಕ್ಷರವನ್ನು ಕುಗ್ಗಿಸುತ್ತಾನೆ. ಕುಗ್ಗಿಸಿದರೆ ಮೊದಲು ಸಾಯುವುದು ಚುಕ್ಕೆ. ಪದದ ನಡುವೆ ಬಂದಾಗ ಬಾ, ತಾ, ನೂನ್, ಯಾ ಎಲ್ಲಕ್ಕೂ ಒಂದೇ ಹಲ್ಲಿನ ಆಕಾರ. ಒಂದು ಚುಕ್ಕೆಯೋ ಎರಡೋ, ಮೇಲೋ ಕೆಳಗೋ ಎಂಬುದಷ್ಟೇ ವ್ಯತ್ಯಾಸ. ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಎರಡು ಚುಕ್ಕೆ ಒಂದಾದರೆ ಪದವೇ ಬೇರೆಯಾಗುತ್ತದೆ.

ಹೊಸಬರ ವಾಕ್ಯ ಎರಡು ಸಾಲಿಗೆ ಹಿಡಿಸುತ್ತಿರಲಿಲ್ಲ. ನಮ್ಮದು ಹಿಡಿಸುತ್ತದೆ: ಮೇಲಿನ ಸಾಲಿಗೆ "ವಲಾ ಅಹದ್ ಯಾ ಮುಅಲ್ಲಿಮ್!", ಕೆಳಗಿನ ಸಾಲಿಗೆ "ಸಅಲ್ತುಹುಮ್ ಕುಲ್ಲಹುಮ್." ಸಾಲು ಮುರಿಯುವ ಜಾಗವೇ ಜೋಕು ತಿರುಗುವ ಜಾಗ. ಮಾತಿನ ಧಾಟಿಗಾಗಿ ಕಿತ್ತ "ಲಮ್", "ಫಖದ್"ಗಳೇ ಜಾಗವನ್ನೂ ಉಳಿಸಿಕೊಟ್ಟವು.

ಸಾಲು ಮುರಿಯುವ ವಿಷಯದಲ್ಲಿ ಅರಬಿಗೆ ಒಂದು ಕಟ್ಟುನಿಟ್ಟಿದೆ. ಪದವನ್ನು ಎರಡು ಸಾಲಿಗೆ ಒಡೆಯುವಂತಿಲ್ಲ, ಅಡ್ಡಗೆರೆ ಹಾಕಿ ಮುಂದುವರಿಸುವ ಪದ್ಧತಿಯೇ ಇಲ್ಲ. ನಮ್ಮ ಪತ್ರಿಕೆಗಳು ಕನ್ನಡ ಪದವನ್ನು ಎಲ್ಲಿ ಬೇಕಾದರೂ ಕತ್ತರಿಸುತ್ತವೆ, ಆ ಸೌಕರ್ಯ ಅಲ್ಲಿಲ್ಲ. ಆಗ ಹೇಳಿದ ಮಾಂಗಾದ ತಲೆನೋವು ಇದೇ. ಜಪಾನಿ ಮೇಲಿನಿಂದ ಕೆಳಕ್ಕೆ ಬರೆಯುವ ಭಾಷೆಯಾದ್ದರಿಂದ ಬಲೂನುಗಳು ಎತ್ತರ, ಕಿರಿದು. ಅರಬಿಯಲ್ಲೋ "ಮತ್ತು", "ಮುಂದೆ", "ಅವರು", "ಅದನ್ನು" ಎಲ್ಲ ಒಂದೇ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತವೆ. "ವಸಯಕ್ತುಬೂನಹಾ" ಎಂಬುದು "ಮತ್ತು ಅವರು ಅದನ್ನು ಬರೆಯುತ್ತಾರೆ" ಎಂಬ ಇಡೀ ವಾಕ್ಯ, ಆದರೆ ಒಂದೇ ಪದ. ಅದು ಕಿರಿದಾದ ಬಲೂನಿನ ಎರಡೂ ಗೋಡೆಗಳನ್ನು ತಿವಿಯುತ್ತದೆ. ಚಿತ್ರದಲ್ಲಿ ಎಡೆಯಿದ್ದರೆ ಬಲೂನನ್ನು ಅಗಲಿಸಿ ಬರೆಯಬೇಕು. ಇಲ್ಲದಿದ್ದರೆ ಅಂಟುಗಳಿಲ್ಲದ ವಾಕ್ಯ ಹುಡುಕಬೇಕು.

ಕೂಗಾಟ, ಗೊಣಗಾಟಗಳ ಬಗ್ಗೆ ಸ್ವಲ್ಪ. ಅರಬಿಗೆ ದೊಡ್ಡಕ್ಷರ ಇಲ್ಲ. ಬದಲಿಗೆ ಅಕ್ಷರಗಳ ನಡುವಿನ ಕೊಂಡಿಯನ್ನು ಉದ್ದಕ್ಕೆ ಎಳೆಯುವ ಕಶೀದಾ ಇದೆ. ಅದನ್ನು ಕಂಡು ಹೊಸಬರು ಕೂಗಿಗೆಲ್ಲ ಅದನ್ನೇ ಎಳೆಯುತ್ತಾರೆ. ಆದರೆ ಕಶೀದಾ ಎಳೆಯುವುದು ಆಕಾರವನ್ನು, ದನಿಯನ್ನಲ್ಲ. "ಮುಸ್ತಹೀಲ್" ಎಂಬ ಪದದಲ್ಲಿ ಕಶೀದಾ ಹಾಕಿದರೆ ಅದು ಪತ್ರಿಕೆಯ ತಲೆಬರಹದಂತೆ ಗಂಭೀರವಾಗುತ್ತದೆ. ಅದೇ ಯಾ ಅಕ್ಷರವನ್ನು ನಾಲ್ಕು ಸಲ ಬರೆದರೆ "ಸಾಧ್ಯವೇ ಇಲ್ಲಾಆಆ" ಎಂಬ ಕೂಗು ಕೇಳಿಸುತ್ತದೆ. ಅಲಿಫ್, ದಾಲ್, ರಾ, ವಾವ್ ಮೊದಲಾದ ಆರು ಅಕ್ಷರಗಳು ಮುಂದಿನ ಅಕ್ಷರಕ್ಕೆ ಕೊಂಡಿಯನ್ನೇ ಕೊಡುವುದಿಲ್ಲ. ಅವುಗಳ ಮುಂದೆ ಕಶೀದಾ ಹಾಕಿದರೆ ಗಾಳಿಯಲ್ಲಿ ತೇಲುವ ಗೆರೆಯೊಂದು ಉಳಿಯುತ್ತದೆ. ಸದ್ದುಗಳನ್ನು ಬರೆಯುವಲ್ಲಿ ಎಡವಿ ಬೀಳುವ ಜಾಗವೊಂದಿದೆ. ಗೊರಕೆಗೆ ಖಾ ಅಕ್ಷರವನ್ನು ಸಾಲಾಗಿ ಬರೆಯುವುದು ಹಳೆಯ ವಾಡಿಕೆ. ಗಲ್ಫ್‌ನ ಹುಡುಗರು ಮೊಬೈಲಿನಲ್ಲಿ ನಗುವಿಗೆ ಬರೆಯುವುದೂ ಅದೇ "ಖಖಖ". ಮಲಗಿದ ಅಜ್ಜ ಅವರಿಗೆ ನಿದ್ದೆಯಲ್ಲಿ ನಗುತ್ತಿರುವಂತೆ ಕಾಣುತ್ತಾನೆ. ಹಾಗಾಗಿ ನಾನು ಗೊರಕೆಗೆ ಝಾ ಸಾಲನ್ನೇ ಇಡುತ್ತೇನೆ.

ಅರಬಿ ಓದಲು ಬಾರದ ವಿನ್ಯಾಸಗಾರರು ಈ ಕೆಲಸದಲ್ಲಿ ಬಹಳ. ಅವರಿಗಾಗಿ ಒಂದು ಗುರುತು ಹೇಳುತ್ತೇನೆ. ತಂತ್ರಾಂಶದ ಆಯ್ಕೆ ತಪ್ಪಿದ್ದರೆ ಅರಬಿ ಅಕ್ಷರಗಳು ಕೊಂಡಿ ಕಳಚಿ, ಎಡದಿಂದ ಬಲಕ್ಕೆ, ಒಂಟಿಒಂಟಿಯಾಗಿ ನಿಲ್ಲುತ್ತವೆ. InDesign ನಲ್ಲಿ Adobe World-Ready Paragraph Composer ಆರಿಸಿದರೆ ಕೊಂಡಿಗಳು ಕೂಡುತ್ತವೆ. ಆದರೂ ಸಂಶಯವಿದ್ದರೆ ಲಾಮ್ ಮುಂದೆ ಅಲಿಫ್ ಬರುವ ಜಾಗ ಹುಡುಕಿ. ಅವೆರಡೂ ಸೇರಿ ಕತ್ತರಿಯಂಥ ಒಂದೇ ಆಕಾರವಾಗಬೇಕು, ಅದು ಕಡ್ಡಾಯ. "ಇಲ್ಲ" ಎಂಬರ್ಥದ ಲಾ ಪದವೇ ಅದು, ಪ್ರತಿ ಪುಟದಲ್ಲೂ ಸಿಗುತ್ತದೆ. ನಮ್ಮ ಶಿಷ್ಯನ "ವಲಾ" ದಲ್ಲೂ ಇದೆ. ಉದ್ಗಾರ ಚಿಹ್ನೆ ಸಾಲಿನ ಬಲತುದಿಗೆ ಹೋಗಿ ಕುಳಿತಿದ್ದರೆ ವಾಕ್ಯದ ದಿಕ್ಕು ಇನ್ನೂ ಇಂಗ್ಲಿಷಿನದೇ ಆಗಿದೆ ಎಂದು ತಿಳಿಯಿರಿ.

ಕೊನೆಯ ಹಂತ ಓದಿಸುವುದು. ಪುಟವನ್ನು ನಿಜವಾದ ಅಳತೆಯಲ್ಲಿ ಅಚ್ಚು ಹಾಕಿ, ಪರದೆಯ ಮೇಲೆ ಹಿಗ್ಗಿಸಿ ಅಲ್ಲ, ಬೇರೆಬೇರೆ ಊರಿನ ಇಬ್ಬರಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳುತ್ತೇನೆ. ಅವರು ಸರಿಯಿದೆ ಎನ್ನುತ್ತಾರೋ ಇಲ್ಲವೋ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲಿ ತಡೆದು ಹಿಂದಕ್ಕೆ ಹೋಗಿ ಸ್ವರ ಬದಲಿಸಿ ಓದುತ್ತಾರೆ ಎಂಬುದನ್ನು ಗಮನಿಸುತ್ತೇನೆ. "ಸಅಲ್ತುಹುಮ್" ಎಂಬುದನ್ನು "ಸಅಲ್ತಹುಮ್" ಎಂದೂ ಓದಬಹುದು, ಆಗ "ನೀನು ಅವರನ್ನು ಕೇಳಿದೆ" ಎಂದಾಗುತ್ತದೆ. ಅಲ್ಲಿ ಯಾರಾದರೂ ತಡವರಿಸಿದರೆ ತಾ ಅಕ್ಷರದ ಮೇಲೆ ಒಂದೇ ಒಂದು ಉಕಾರದ ಗುರುತು ಇಡುತ್ತೇನೆ. ಇಡೀ ಬಲೂನಿಗೆ ಸ್ವರಚಿಹ್ನೆ ಹಾಕಿದರೆ ಸಾಲಿನ ಎತ್ತರವೂ ಏರುತ್ತದೆ, ಎರಡು ಊರಿನ ಓದಿಗೆ ತೆರೆದಿಟ್ಟ ಬಾಗಿಲೂ ಮುಚ್ಚುತ್ತದೆ. ಈ ಚೌಕದಲ್ಲಿ ಕೈರೋದ ಓದುಗ ಎಲ್ಲಿಯೂ ನಿಲ್ಲುವುದಿಲ್ಲ. ಗಲ್ಫ್‌ನವನು ನಿಲ್ಲುವುದು "ಮುಅಲ್ಲಿಮ್" ಎಂಬಲ್ಲಿ. ಅವನಿಗೆ ಆ ಪದ ಮೊದಲು ಶಾಲೆಯನ್ನೇ ನೆನಪಿಸುತ್ತದೆ, ಕಳ್ಳನೊಬ್ಬ ಮೇಷ್ಟ್ರಿಗೆ ಯಾಕೆ ವರದಿ ಒಪ್ಪಿಸುತ್ತಿದ್ದಾನೆ ಎಂದು ಗೊಂದಲವಾಗುತ್ತದೆ. ಅಲ್ಲಿಗೆ ಹೋಗುವ ಮುದ್ರಣಕ್ಕೆ "ಯಾ ಝಈಮ್" ಎಂದು ಹಾಕಬೇಕು: ನಾಯಕ, ಗುಂಪಿನ ದಣಿ. ಅರಬಿಯಲ್ಲಿ ಅದಕ್ಕೂ ನಾಲ್ಕೇ ಅಕ್ಷರ, ಆದ್ದರಿಂದ ಸಾಲೂ ಬಲೂನೂ ಇದ್ದಲ್ಲೇ ಇರುತ್ತವೆ.